ಒಡವೆ ಅಂಗಡಿಯ ಚಿನ್ನದ ಸ್ಕೀಮ್: ರೂಪಾಯಿ ಲೆಕ್ಕವೋ, ಗ್ರಾಂ ಲೆಕ್ಕವೋ?

ಪುಣೆಯಲ್ಲಿರುವ ನಾದಿನಿ ಹೋದ ವಾರ ಎರಡು ಚೀಟಿಗಳ ಫೋಟೊ ಕಳಿಸಿದಳು. ಎರಡೂ ಲಕ್ಷ್ಮಿ ರೋಡಿನ ಅಂಗಡಿಗಳದ್ದು. ಒಂದರಲ್ಲಿ "11 ಕಂತು ಕಟ್ಟಿ, 12ನೆಯದು ನಮ್ಮದು" ಎಂದಿದೆ. ಇನ್ನೊಂದರಲ್ಲಿ "ಪ್ರತಿ ತಿಂಗಳು ಗ್ರಾಂ ಜಮಾ, ಮೇಕಿಂಗ್ ಚಾರ್ಜ್ ಸೊನ್ನೆ" ಎಂದಿದೆ. "ಅತ್ತಿಗೆ, ಯಾವುದು ಒಳ್ಳೆಯದು? ಮಗಳ ಮದುವೆ 2027ರ ಮೇ ತಿಂಗಳಲ್ಲಿ. ಈ ಪಾಡ್ವಾ ದಿನ ಶುರು ಮಾಡಿ ಮುಂದಿನ ಪಾಡ್ವಾಕ್ಕೆ ಸರ ತಗೊಳ್ತೇನೆ" ಎಂದು ಕೇಳಿದಳು. ಪಾಡ್ವಾ ಅಂದರೆ ನಮ್ಮ ಯುಗಾದಿ.

ಕೊನೆಯ ಮಾತು ಓದಿ ನನಗೆ ಎದೆ ಧಸಕ್ಕೆಂದಿತು. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ, ಅದರಲ್ಲಿ ನಾನೇ ದುಡ್ಡು ಕಳೆದುಕೊಂಡಿದ್ದೇನೆ. ಮೊದಲು ಈ ಎರಡು ಸ್ಕೀಮ್‌ಗಳು ಬೇರೆ ಬೇರೆ ಹೇಗೆ ಅನ್ನೋದು ಸ್ಪಷ್ಟವಾಗಲಿ, ಯಾಕಂದ್ರೆ ಅಂಗಡಿಯಲ್ಲಿ ಎರಡಕ್ಕೂ "ಗೋಲ್ಡ್ ಸ್ಕೀಮ್" ಎಂದೇ ಹೆಸರು, ಡೊಂಬಿವಲಿಯ ನಮ್ಮ ಬೀದಿಯಲ್ಲಂತೂ ಎಲ್ಲರೂ ಎಲ್ಲಕ್ಕೂ "ಭಿಶಿ", ಅಂದರೆ ಚೀಟಿ ಫಂಡು, ಎಂದುಬಿಡುತ್ತಾರೆ.

ರೂಪಾಯಿ ಲೆಕ್ಕದ ಸ್ಕೀಮಿನಲ್ಲಿ ನೀವು ಕಟ್ಟಿದ್ದು ರೂಪಾಯಿಯಾಗಿಯೇ ಉಳಿಯುತ್ತದೆ. ತಿಂಗಳಿಗೆ 10,000ದಂತೆ 11 ಕಂತು ಕಟ್ಟಿದರೆ 1,10,000. ಕೊನೆಗೆ ಅಂಗಡಿಯವರು ಬೋನಸ್ ಎಂದು ಒಂದು ಕಂತು ಸೇರಿಸುತ್ತಾರೆ. ಕೆಲವರು ಪೂರ್ತಿ ಕಂತು ಕೊಡುತ್ತಾರೆ, ಕೆಲವರು ಮುಕ್ಕಾಲು, ಕೆಲವರು ಅರ್ಧ. ಆ ಮೊತ್ತಕ್ಕೆ ಒಡವೆ ಕೊಳ್ಳುವ ದಿನ ಏನು ದರ ಇದೆಯೋ ಆ ದರದಲ್ಲಿ ಚಿನ್ನ. ನಡುವೆ ದರ ಏರಿದರೆ ಆ ಏರಿಕೆಯ ಭಾರ ನಿಮ್ಮ ಮೇಲೆಯೇ.

ಗ್ರಾಂ ಲೆಕ್ಕದಲ್ಲಿ ಕಂತು ಕಟ್ಟಿದ ದಿನದ ದರಕ್ಕೇ ಅದನ್ನು ಚಿನ್ನವಾಗಿ ಬರೆದುಕೊಳ್ಳುತ್ತಾರೆ. ದರ 9,000 ಇದ್ದ ತಿಂಗಳು 10,000ಕ್ಕೆ 1.111 ಗ್ರಾಂ, ದರ 10,000 ಆದ ತಿಂಗಳು ಬರೀ 1 ಗ್ರಾಂ. ಕೊನೆಗೆ ಒಟ್ಟು ಗ್ರಾಂ ಎಷ್ಟಾಯಿತೋ ಅಷ್ಟು ತೂಕದ ಒಡವೆ. ಇಲ್ಲಿ ಸಾಮಾನ್ಯವಾಗಿ ಬೋನಸ್ ಇರುವುದಿಲ್ಲ, ಅದರ ಬದಲು ಮೇಕಿಂಗ್ ಚಾರ್ಜ್ ಬಿಡುತ್ತೇವೆ ಅನ್ನುತ್ತಾರೆ. ಈ "ಬಿಡುತ್ತೇವೆ" ಎಂಬ ಮಾತಿನ ಮೇಲೆಯೇ ಇಡೀ ಲೆಕ್ಕ ನಿಂತಿದೆ.

ನಾದಿನಿಗೆ ಮಾಡಿ ತೋರಿಸಿದ ಲೆಕ್ಕವನ್ನೇ ಇಲ್ಲೂ ಬರೆಯುತ್ತೇನೆ. ಲೆಕ್ಕ ಸುಲಭವಾಗಲಿ ಎಂದು ದರವನ್ನು ನಾನೇ ಹಾಕಿಕೊಂಡಿದ್ದೇನೆ. 22 ಕ್ಯಾರಟ್ ಚಿನ್ನ ಮೊದಲ ತಿಂಗಳು ಗ್ರಾಂಗೆ 9,000, ಆಮೇಲೆ ತಿಂಗಳಿಗೆ ನೂರು ರೂಪಾಯಿ ಏರಿ 11ನೇ ತಿಂಗಳು 10,000, ಕೊಳ್ಳುವ ದಿನ 10,100. ಬೇಕಾದ ಸರಕ್ಕೆ ಮೇಕಿಂಗ್ ಚಾರ್ಜ್ ಶೇ 12. ಅದರ ಮೇಲೆ ಜಿಎಸ್‌ಟಿ ಶೇ 3, ಅದನ್ನು ಯಾವ ಸ್ಕೀಮೂ ತಪ್ಪಿಸುವುದಿಲ್ಲ.

ಗ್ರಾಂ ಸ್ಕೀಮಿನಲ್ಲಿ 11 ಕಂತಿಗೆ ಸುಮಾರು 11.59 ಗ್ರಾಂ ಕೂಡುತ್ತದೆ. ಮೇಕಿಂಗ್ ನಿಜವಾಗಿಯೂ ಪೂರ್ತಿ ಬಿಟ್ಟರೆ ಆ ತೂಕದ ಸರಕ್ಕೆ ನೀವು ಮೇಲೆ ಕೊಡಬೇಕಾದ್ದು ಜಿಎಸ್‌ಟಿ ಮಾತ್ರ, ಸುಮಾರು 3,500. ಅಂದರೆ ಕೈಯಿಂದ ಹೋದದ್ದು ಒಟ್ಟು 1,13,500. ಅದೇ ಸರವನ್ನು ರೂಪಾಯಿ ಸ್ಕೀಮಿನಲ್ಲಿ ತೆಗೆದುಕೊಂಡರೆ ಚಿನ್ನ, ಮೇಕಿಂಗ್, ಜಿಎಸ್‌ಟಿ ಸೇರಿ ಬಿಲ್ಲು 1,35,000 ದಾಟುತ್ತದೆ. ಬೋನಸ್ ಸೇರಿ ನಿಮ್ಮ ಖಾತೆಯಲ್ಲಿರುವುದು 1,20,000. ಇನ್ನೂ 15,000 ಕೊಡಬೇಕು, ಒಟ್ಟು 1,25,000. ದರ ಏರಿದ ವರ್ಷ ಗ್ರಾಂ ಸ್ಕೀಮ್ ಹನ್ನೊಂದು ಸಾವಿರಕ್ಕೂ ಜಾಸ್ತಿ ಉಳಿಸಿತು.

ಈಗ ಇದನ್ನೇ ತಿರುಗಿಸಿ ನೋಡಿ. ದರ 10,000ದಿಂದ ಇಳಿಯುತ್ತಾ ಬಂದು ಕೊಳ್ಳುವ ದಿನ 8,900 ಆಯಿತು ಅಂದುಕೊಳ್ಳಿ. ಗ್ರಾಂ ಅಷ್ಟೇ ಕೂಡುತ್ತದೆ, 11.59. ಅದರ ಮೇಲೆ ಜಿಎಸ್‌ಟಿ ಸೇರಿ ಒಟ್ಟು ಖರ್ಚು 1,13,000. ರೂಪಾಯಿ ಸ್ಕೀಮಿನಲ್ಲಿ ಅದೇ ಸರದ ಪೂರ್ತಿ ಬಿಲ್ಲು 1,19,000 ಆಗುತ್ತದೆ, ಖಾತೆಯಲ್ಲಿ 1,20,000 ಇರುತ್ತದೆ. ಅಂದರೆ ಕಟ್ಟಿದ 1,10,000ದಲ್ಲೇ ಸರ ಬಂತು, ಸ್ವಲ್ಪ ಉಳಿಯಿತು ಕೂಡ. ಇಲ್ಲಿ ರೂಪಾಯಿ ಸ್ಕೀಮ್ ಗೆದ್ದದ್ದು ಮೂರ್ನಾಲ್ಕು ಸಾವಿರದಿಂದ. ಏರಿದಾಗ ಸಿಗುವ ಲಾಭಕ್ಕೆ ಹೋಲಿಸಿದರೆ ಇಳಿದಾಗ ಆಗುವ ನಷ್ಟ ಚಿಕ್ಕದು, ಅದಕ್ಕೆ ಕಾರಣ ಮೇಕಿಂಗ್ ಬಿಟ್ಟದ್ದು. ಆದ್ದರಿಂದಲೇ ಕೆಲಸ ಜಾಸ್ತಿ ಇರುವ ಮದುವೆ ಒಡವೆಗೆ ನಾನು ಗ್ರಾಂ ಸ್ಕೀಮನ್ನೇ ಹೇಳುತ್ತೇನೆ.

ಆದರೆ ಮೇಕಿಂಗ್ ಬಿಡುವ ಷರತ್ತನ್ನು ಓದದೆ ಹೇಳುವುದಿಲ್ಲ. ಮೊದಲ ಲೆಕ್ಕದಲ್ಲೇ ಅಂಗಡಿಯವರು ಮೇಕಿಂಗ್ ಬಿಡದೆ ಇದ್ದರೆ ಗ್ರಾಂ ಸ್ಕೀಮಿನ ಒಟ್ಟು ಖರ್ಚು 1,28,000ಕ್ಕೆ ಹೋಗುತ್ತದೆ, ದರ ಏರಿದ ವರ್ಷದಲ್ಲೂ ರೂಪಾಯಿ ಸ್ಕೀಮಿಗಿಂತ ದುಬಾರಿ! ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ "ಮೇಕಿಂಗ್ ಸೊನ್ನೆ" ಎಂದಿರುತ್ತದೆ, ಪಾಸ್‌ಬುಕ್ಕಿನ ಹಿಂದೆ ಸಣ್ಣ ಅಕ್ಷರದಲ್ಲಿ "ಇಂತಿಷ್ಟು ಶೇಕಡಾವರೆಗೆ" ಎಂದಿರುತ್ತದೆ. ಮಿತಿ ಶೇ 10 ಎಂದಿದ್ದು ನೀವು ಆರಿಸಿದ ಸರದ ಮೇಕಿಂಗ್ ಶೇ 18 ಇದ್ದರೆ ಉಳಿದ 8 ನೀವೇ ಕೊಡಬೇಕು. ದೇವರ ಮೂರ್ತಿ ಕೆತ್ತಿದ ಟೆಂಪಲ್ ಒಡವೆ, ಸಣ್ಣ ಕುಸುರಿ ಕೆಲಸದ ಜುಮುಕಿ, ಇವೆಲ್ಲ ಸಾಮಾನ್ಯವಾಗಿ ಮಿತಿಯ ಮೇಲೆಯೇ ಇರುತ್ತವೆ. ಸಾದಾ ಬಳೆ, ಸಾದಾ ಚೈನು ಮಿತಿಯ ಒಳಗೆ ಬರುತ್ತವೆ. ಕೆಲವು ಕಡೆ ಈ ಸೌಲಭ್ಯ ಕಲ್ಲಿನ ಒಡವೆಗೆ, ವಜ್ರಕ್ಕೆ, ನಾಣ್ಯಕ್ಕೆ ಇಲ್ಲವೇ ಇಲ್ಲ. ನಾಣ್ಯ ಕೊಳ್ಳಬೇಕು ಅಂತಲೇ ಸ್ಕೀಮ್ ಕಟ್ಟಿ ಕೊನೆಗೆ ಬೇಡದ ಬಳೆ ತಂದವರು ನಮ್ಮ ಕಟ್ಟಡದಲ್ಲೇ ಇದ್ದಾರೆ.

ಕೂಡಿದ ಗ್ರಾಂಗಿಂತ ಸರ ಭಾರ ಇದ್ದರೆ ಹೆಚ್ಚಿನ ತೂಕಕ್ಕೆ ಆ ದಿನದ ದರ ಮತ್ತು ಮೇಕಿಂಗ್ ಎರಡೂ ಕೊಡಬೇಕು. 11.59 ಗ್ರಾಂ ಕೂಡಿಸಿಟ್ಟು 20 ಗ್ರಾಂ ಸರಕ್ಕೆ ಕೈಹಾಕಿದರೆ ಅರ್ಧ ಸರ ಸ್ಕೀಮಿನದು, ಉಳಿದರ್ಧ ಮಾಮೂಲಿ ಖರೀದಿ. ಇದು ಮೋಸ ಅಲ್ಲ, ಆದರೆ ಕೌಂಟರಿನಲ್ಲಿ ನಿಂತಾಗ ಬಿಲ್ಲು ನೋಡಿ ಗಾಬರಿಯಾಗುತ್ತದೆ, ಮೊದಲೇ ಗೊತ್ತಿದ್ದರೆ ತೂಕಕ್ಕೆ ತಕ್ಕ ಕಂತು ಇಟ್ಟುಕೊಳ್ಳಬಹುದು.

ಗ್ರಾಂ ಸ್ಕೀಮಿನಲ್ಲಿ ಇನ್ನೊಂದು ವಿಷಯ ಪ್ರತಿ ತಿಂಗಳೂ ನೋಡಬೇಕು. ಯಾವ ದರಕ್ಕೆ ಬರೆದುಕೊಂಡರು? ಅಂಗಡಿಯ ಬೋರ್ಡಿನ ದರ ಅಂಗಡಿಯಿಂದ ಅಂಗಡಿಗೆ ಬೇರೆ ಇರುತ್ತದೆ. ಮುಂಬೈಯ ಝವೇರಿ ಬಜಾರಿನಲ್ಲಿರುವ ಬುಲಿಯನ್ ವ್ಯಾಪಾರಿಗಳ ಸಂಘ, ಅಂದರೆ ಐಬಿಜೆಎ, ಕೆಲಸದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ದರ ಪ್ರಕಟಿಸುತ್ತದೆ, ಅದರಲ್ಲಿ 916 ಅಂದರೆ 22 ಕ್ಯಾರಟ್ ದರವೂ ಇರುತ್ತದೆ, ಜಿಎಸ್‌ಟಿ ಸೇರಿಸದೆ. ಅಂಗಡಿ ಬೋರ್ಡು ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಸಹಜ. ಆದರೆ ಪ್ರತಿ ತಿಂಗಳೂ ತುಂಬಾ ಮೇಲಿದ್ದರೆ ನಿಮ್ಮ ಗ್ರಾಂ ಸದ್ದಿಲ್ಲದೆ ಸವೆಯುತ್ತಿದೆ ಅಂತ ಅರ್ಥ. ರಸೀದಿಯಲ್ಲಿ ರೂಪಾಯಿ, ಆ ದಿನದ ದರ, ಗ್ರಾಂ ಮೂರೂ ಇರಬೇಕು. ಬರೀ ರೂಪಾಯಿ ಬರೆದು "ಗ್ರಾಂ ಕೊನೆಗೆ ಹಾಕ್ತೇವೆ" ಅಂದರೆ ಅದು ಗ್ರಾಂ ಸ್ಕೀಮೇ ಅಲ್ಲ.

ಇನ್ನು ನನ್ನ ಕಥೆ.

2023ರ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು, ಇಲ್ಲಿಯವರಿಗೆ ಅದೇ ಗುಡಿ ಪಾಡ್ವಾ. ಹಬ್ಬದ ದಿನ ಒಳ್ಳೆಯದಾಗಲಿ ಎಂದು ಒಂದು ಅಂಗಡಿಯಲ್ಲಿ ರೂಪಾಯಿ ಸ್ಕೀಮ್ ಶುರು ಮಾಡಿದೆ, ತಿಂಗಳಿಗೆ 5,000. ಒಂದು ಕಂತೂ ತಪ್ಪಿಸಲಿಲ್ಲ. ಮುಂದಿನ ಯುಗಾದಿಯ ದಿನ, 2024ರ ಏಪ್ರಿಲ್ 9ಕ್ಕೆ, ಪಾಸ್‌ಬುಕ್ ಹಿಡಿದು ಹೋದೆ. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, "ಮೇಡಂ, ನಿಮ್ಮ ಸ್ಕೀಮ್ ಮಾರ್ಚ್ 20ಕ್ಕೇ ಕ್ಲೋಸ್ ಆಗಿದೆ. 365 ದಿನ ದಾಟಿದೆ, ಬೋನಸ್ ಇಲ್ಲ" ಎಂದ. ಮ್ಯಾನೇಜರ್ ಹತ್ತಿರ ಹೋದೆ, ಬೇಡಿಕೊಂಡೆ. ಪಾಸ್‌ಬುಕ್ಕಿನ ಹಿಂಬದಿಯ ಎಂಟನೇ ಷರತ್ತು ತೋರಿಸಿದರು. ಕಟ್ಟಿದ 55,000 ಮಾತ್ರ ವಾಪಸ್ ಸಿಕ್ಕಿತು. ಆ ಮೂರು ವಾರದಲ್ಲಿ ಚಿನ್ನದ ದರ ಬೇರೆ ಜೋರಾಗಿ ಏರಿತ್ತು. ಬೋನಸ್ಸೂ ಹೋಯಿತು, ಹಳೆಯ ದರವೂ ಹೋಯಿತು. ಮನೆಗೆ ಬಂದು ಒಬ್ಬಟ್ಟು ತಿನ್ನಲು ಮನಸ್ಸಾಗಲಿಲ್ಲ.

ಆಗ ನನಗೆ ಹೊಳೆಯದೇ ಇದ್ದದ್ದು ಇಷ್ಟೇ: 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಅಧಿಕ ಮಾಸ ಬಂದ ವರ್ಷ ಯುಗಾದಿಯಿಂದ ಯುಗಾದಿಗೆ ಸುಮಾರು 384 ದಿನ ಆಗುತ್ತದೆ. 2026ರಲ್ಲೂ ಅಧಿಕ ಮಾಸ ಇದೆ, ಅಧಿಕ ಜ್ಯೇಷ್ಠ. 2026ರ ಯುಗಾದಿ ಮಾರ್ಚ್ 19, 2027ರದ್ದು ಏಪ್ರಿಲ್ 7. ಮತ್ತೆ 384 ದಿನ. ಈ ಪಾಡ್ವಾಕ್ಕೆ ಶುರು ಮಾಡಿ ಮುಂದಿನ ಪಾಡ್ವಾಕ್ಕೆ ಸರ ತರುತ್ತೇನೆ ಎಂದು ನಾದಿನಿ ಬರೆದದ್ದಕ್ಕೆ ನಾನು ಹೆದರಿದ್ದು ಅದಕ್ಕೇ. ಅಕ್ಷಯ ತೃತೀಯದಿಂದ ಅಕ್ಷಯ ತೃತೀಯಕ್ಕೆ ಲೆಕ್ಕ ಹಾಕುವವರಿಗೂ ಇದೇ ಗತಿ.

ಈ 365 ದಿನ ಅಂಗಡಿಯವರು ಸುಮ್ನೆ ಇಟ್ಟದ್ದಲ್ಲ. 2014ರ ಕಂಪನಿಗಳ ಠೇವಣಿ ನಿಯಮಗಳ ಪ್ರಕಾರ, ವಸ್ತು ಕೊಡುವುದಕ್ಕೆ ಎಂದು ಮುಂಗಡ ತೆಗೆದುಕೊಂಡ ಹಣವನ್ನು 365 ದಿನದೊಳಗೆ ಆ ವಸ್ತುವಿಗೆ ಹೊಂದಿಸಬೇಕು. ಇಲ್ಲದಿದ್ದರೆ ಅದು ಮುಂಗಡ ಆಗಿ ಉಳಿಯುವುದಿಲ್ಲ, ಠೇವಣಿ ಆಗುತ್ತದೆ, ಠೇವಣಿ ತೆಗೆದುಕೊಳ್ಳಲು ಬೇರೆಯೇ ಕಟ್ಟುನಿಟ್ಟಿನ ನಿಯಮಗಳಿವೆ. ಅದಕ್ಕೇ ಹೆಚ್ಚಿನ ಕಡೆ 10 ಅಥವಾ 11 ಕಂತು. ಇದರಿಂದ ನಮಗೊಂದು ಒಳ್ಳೆಯ ಪರೀಕ್ಷೆಯೂ ಸಿಕ್ಕಿತು. ಯಾರಾದರೂ 24 ತಿಂಗಳು, 36 ತಿಂಗಳು ಕಟ್ಟಿ, ಬಡ್ಡಿ ಸೇರಿಸಿ ನಗದು ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಅದು ಒಡವೆಗೆ ಕೊಟ್ಟ ಮುಂಗಡ ಅಲ್ಲ.

11 ಕಂತಿನ ಸ್ಕೀಮಿನಲ್ಲಿ ನಿಮಗೆ ಒಡವೆ ತೆಗೆದುಕೊಳ್ಳಲು ಸಿಗುವ ಸಮಯ ಒಂದು ಅಥವಾ ಹೆಚ್ಚೆಂದರೆ ಎರಡು ತಿಂಗಳು. ಕೆಲವು ಅಂಗಡಿಗಳಲ್ಲಿ ಕೊನೆಯ ಕಂತು ಕಟ್ಟಿದ ಕೂಡಲೇ ಕೊಡುತ್ತಾರೆ, ಕೆಲವು ಕಡೆ ಕೊನೆಯ ಕಂತಿನ ನಂತರ 30 ದಿನ ಕಾಯಬೇಕು. ಕಾಯಬೇಕಾದ ಕಡೆ ಒಂದು ಕಂತು ತಡವಾದರೆ ಆ ಕಾಯುವ 30 ದಿನವೂ ಮುಂದೆ ಹೋಗಿ 365ರ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. "ಕಂತು ತಡ ಆದರೆ ಏನಾಗುತ್ತದೆ, ಕಡೆಯ ದಿನಾಂಕ ಯಾವುದು?" ಎಂದು ಸೇರುವ ದಿನವೇ ಕೇಳಿ, ದಿನಾಂಕವನ್ನು ಪಾಸ್‌ಬುಕ್ಕಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಿ. ನಡುವೆ ಬಿಟ್ಟರೆ ಏನು ಅನ್ನೋದನ್ನೂ ಕೇಳಿ. ತುಂಬಾ ಕಡೆ ಬೋನಸ್ ಹೋಗುತ್ತದೆ, ನಗದೂ ಸಿಗುವುದಿಲ್ಲ, ಕಟ್ಟಿದ ಮೊತ್ತಕ್ಕೆ ಒಡವೆಯನ್ನೇ ತೆಗೆದುಕೊಳ್ಳಿ ಅನ್ನುತ್ತಾರೆ. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದಾಗ ಈ ದುಡ್ಡು ಕೈಗೆ ಬರುವುದಿಲ್ಲ.

ಮೂರನೇ ದಾರಿಯೊಂದಿದೆ, ಬ್ಯಾಂಕಿನ ಆರ್‌ಡಿ. ಎಲ್ಲರೂ ಇದನ್ನು "ಬಡ್ಡಿ ಎಲ್ಲಿ ಬರುತ್ತೆ" ಎಂದು ತಳ್ಳಿಹಾಕುತ್ತಾರೆ. ಬಡ್ಡಿ ಕಡಿಮೆಯೇ ಹೌದು. ತಿಂಗಳಿಗೆ 10,000, ಶೇ 6.5 ಬಡ್ಡಿ ಎಂದುಕೊಂಡರೆ 11 ಕಂತಿಗೆ ಬರುವುದು ಸುಮಾರು 3,500. ಅಂಗಡಿಯ ಪೂರ್ತಿ ಬೋನಸ್ 10,000. ವ್ಯತ್ಯಾಸ ಆರೂವರೆ ಸಾವಿರ. ದೊಡ್ಡದಾಗಿ ಕಾಣುತ್ತದೆ ಅಲ್ವಾ? ಆದರೆ ಒಂದು ಲಕ್ಷದ ಚಿನ್ನದ ಮೇಲೆ ಇದು ಶೇ 6.5ರ ಮೇಕಿಂಗ್ ಚಾರ್ಜಿಗೆ ಸಮ. ಸ್ಕೀಮ್ ಇರುವ ಅಂಗಡಿಯಲ್ಲಿ ಬಳೆಗೆ ಶೇ 14 ಹಾಕಿ, ಎರಡು ಅಂಗಡಿ ಆಚೆ ಅಂಥದೇ ಬಳೆ ಶೇ 8ಕ್ಕೆ ಸಿಕ್ಕರೆ ಆ ಆರೂವರೆ ಸಾವಿರ ಬಹುತೇಕ ಮೇಕಿಂಗಿನಲ್ಲೇ ವಾಪಸ್ ಹೋಯಿತು. ಬೋನಸ್ ಅರ್ಧ ಕಂತು ಮಾತ್ರ ಆಗಿದ್ದರೆ ಶೇ 2ರ ವ್ಯತ್ಯಾಸ ಕೂಡ ಸಾಕು. ಆರ್‌ಡಿ ಹಣ ಕೈಯಲ್ಲಿದ್ದರೆ ದಾದರಿಗೂ ಹೋಗಬಹುದು, ಝವೇರಿ ಬಜಾರಿಗೂ ಹೋಗಬಹುದು, ಮೇಕಿಂಗ್ ಕಡಿಮೆ ಮಾಡಿ ಎಂದು ಚೌಕಾಸಿ ಮಾಡಬಹುದು. ಸ್ಕೀಮ್ ಕಟ್ಟಿದವರು ಬೇರೆ ಅಂಗಡಿಗೆ ಹೋಗಲಾರರು ಅನ್ನೋದು ಕೌಂಟರಿನವರಿಗೆ ಗೊತ್ತಿರುತ್ತದೆ.

ಇದನ್ನು ತಿಳಿಯಲು ಸುಲಭ ಉಪಾಯ ಇದೆ. ಸ್ಕೀಮಿನ ಮಾತೇ ಎತ್ತದೆ ಮಾಮೂಲಿ ಗಿರಾಕಿಯಾಗಿ ಹೋಗಿ, ನಿಮಗೆ ಬೇಕಾದಂಥ ಒಡವೆಗೆ ಎಸ್ಟಿಮೇಟ್ ಚೀಟಿ ಕೇಳಿ. ಅದರಲ್ಲಿ ಕಲ್ಲು, ಮಣಿ ಕಳೆದ ನಿವ್ವಳ ತೂಕ, ದರ, ಮೇಕಿಂಗ್ ಶೇಕಡಾ, ಜಿಎಸ್‌ಟಿ ಬೇರೆ ಬೇರೆಯಾಗಿ ಇರಲಿ. ಅದೇ ದಿನ ಇನ್ನೊಂದು ಅಂಗಡಿಯಲ್ಲೂ ಕೇಳಿ. ಕರಿಮಣಿ ಸರಕ್ಕೆ ನಿವ್ವಳ ತೂಕ ಕೇಳುವುದನ್ನಂತೂ ಮರೆಯಬೇಡಿ, ಮಣಿಯ ತೂಕಕ್ಕೆ ಚಿನ್ನದ ದರ ಕೊಟ್ಟು ಬಂದವರಿದ್ದಾರೆ. ಕೆಲವರು ಮೇಕಿಂಗ್ ಒಂದು ಸಾಲು, ವೇಸ್ಟೇಜ್ ಇನ್ನೊಂದು ಸಾಲು ಹಾಕುತ್ತಾರೆ. ಹಾಗಿದ್ದರೆ "ಮೇಕಿಂಗ್ ಸೊನ್ನೆ" ಅಂದಾಗ ವೇಸ್ಟೇಜ್ ಕೂಡ ಸೊನ್ನೆಯಾ ಎಂದು ಬಿಡಿಸಿ ಕೇಳಬೇಕು. ಒಡವೆ ಕೈಗೆ ಬಂದ ಮೇಲೆ ಅದರ ಮೇಲಿನ ಆರು ಅಕ್ಷರದ ಹಾಲ್‌ಮಾರ್ಕ್ ಗುರುತು, ಅಂದರೆ ಎಚ್‌ಯುಐಡಿಯನ್ನು, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡುವುದು ಸ್ಕೀಮಿನ ಒಡವೆಗೂ ಅನ್ವಯಿಸುತ್ತದೆ.

ದುಡ್ಡು ಮುಳುಗುವ ಭಯದ ಬಗ್ಗೆಯೂ ಹೇಳಲೇಬೇಕು, ಡೊಂಬಿವಲಿಯವರಿಗೆ ಇದು ಕೇಳಿದ ಕಥೆ ಅಲ್ಲ, ಕಣ್ಣೆದುರು ನಡೆದದ್ದು. 2019ರ ಅಕ್ಟೋಬರಿನಲ್ಲಿ, ದೀಪಾವಳಿ ಹತ್ತಿರ ಇದ್ದಾಗ, ಡೊಂಬಿವಲಿ ಮತ್ತು ಠಾಣೆಯಲ್ಲಿ ಮಳಿಗೆಗಳಿದ್ದ ಒಂದು ಒಡವೆ ಕಂಪನಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ತಿಂಗಳ ಸ್ಕೀಮ್ ಕಟ್ಟುತ್ತಿದ್ದವರು, ಅದೇ ಅಂಗಡಿಯಲ್ಲಿ ಎಫ್‌ಡಿ ಇಟ್ಟವರು ಎಲ್ಲರೂ ಶಟರಿನ ಮುಂದೆ, ಆಮೇಲೆ ಪೊಲೀಸ್ ಠಾಣೆಯ ಮುಂದೆ ನಿಂತರು. ಮಹಾರಾಷ್ಟ್ರದಲ್ಲಿ ಠೇವಣಿದಾರರ ರಕ್ಷಣೆಗೆ 1999ರ ಎಂಪಿಐಡಿ ಕಾಯ್ದೆ ಇದೆ, ಇಂಥ ಪ್ರಕರಣಗಳು ಅದರಡಿ ನಡೆಯುತ್ತವೆ. ಆದರೆ ಆಸ್ತಿ ಜಪ್ತಿಯಾಗಿ, ಮಾರಾಟವಾಗಿ, ಹಣ ಹಂಚಿಕೆಯಾಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಅಂಗಡಿಯ ಸ್ಕೀಮಿಗೆ ಅಂಥದ್ದೇನೂ ಇಲ್ಲ.

ಅದಕ್ಕೇ ಒಂದೇ ಅಂಗಡಿಯಲ್ಲಿ ಮನೆಯವರೆಲ್ಲರ ಹೆಸರಿನಲ್ಲಿ ನಾಲ್ಕು ಪಾಸ್‌ಬುಕ್ ಮಾಡಿಸುವುದು ನನಗೆ ಇಷ್ಟವಿಲ್ಲ. ಮುಳುಗಿದರೂ ಸಂಸಾರ ನಿಲ್ಲಬಾರದು, ಅಷ್ಟು ಮಾತ್ರ ಕಟ್ಟಿ. ಕಂತನ್ನು ಯುಪಿಐ ಅಥವಾ ಬ್ಯಾಂಕಿನಿಂದ ಸಂಸ್ಥೆಯ ಖಾತೆಗೇ ಹಾಕಿ, ಮನೆಗೆ ಬರುವ ಏಜೆಂಟಿನ ಕೈಗೆ ನಗದು ಬೇಡ. ಪಾಸ್‌ಬುಕ್ಕಿನ ಮೇಲಿನ ಸಂಸ್ಥೆಯ ಹೆಸರು, ದುಡ್ಡು ಹೋಗುವ ಖಾತೆಯ ಹೆಸರು, ಅಂಗಡಿಯ ಜಿಎಸ್‌ಟಿ ಬಿಲ್ಲಿನ ಹೆಸರು ಈ ಮೂರೂ ಒಂದೇ ಇದೆಯೇ ನೋಡಿ. ಬೇರೆ ಇದ್ದರೆ ನಾಳೆ ಅಂಗಡಿಯವರು "ಆ ಸಂಸ್ಥೆ ನಮ್ಮದಲ್ಲ" ಅನ್ನಬಹುದು. ನಾಮಿನಿ ಹೆಸರನ್ನೂ ಬರೆಸಿ, ಈ ಸಾಲನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ.

ನಾದಿನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವಳು ಎರಡೂ ಅಂಗಡಿಗೆ ಹೋಗಿ ಎಸ್ಟಿಮೇಟ್ ತಂದಳು. ಅವಳಿಗೆ ಬೇಕಾದ ಲಕ್ಷ್ಮಿ ಸರಕ್ಕೆ ಮೇಕಿಂಗ್ ಶೇ 16, ಗ್ರಾಂ ಸ್ಕೀಮಿನ ಅಂಗಡಿಯ ಮಿತಿ ಶೇ 14. ಉಳಿದ 2 ಕೊಟ್ಟರೂ ಲೆಕ್ಕ ಅದರ ಕಡೆಗೇ ವಾಲಿತು, ಅದನ್ನೇ ಆರಿಸಿದಳು. ಅಳಿಯನ ಉಂಗುರಕ್ಕೆ ಮತ್ತು ಸಾದಾ ಬಳೆಗೆ ಬ್ಯಾಂಕಿನಲ್ಲಿ ಆರ್‌ಡಿ. ಶುರು ಮಾಡುವ ದಿನವನ್ನು ಪಾಡ್ವಾದಿಂದ 2026ರ ಏಪ್ರಿಲ್ 25ಕ್ಕೆ ತಳ್ಳಿದೆವು. 11ನೇ ಕಂತು 2027ರ ಫೆಬ್ರವರಿ 25, ಆ ಅಂಗಡಿಯಲ್ಲಿ ಕೊನೆಯ ಕಂತಿನ ನಂತರ ಒಂದು ತಿಂಗಳು ಕಾಯಬೇಕು, ಅಂದರೆ ಮಾರ್ಚ್ 25ರಿಂದ ಏಪ್ರಿಲ್ 24ರವರೆಗೆ ಸರ ತರಬಹುದು. ಏಪ್ರಿಲ್ 7ರ ಪಾಡ್ವಾ ಸರಿಯಾಗಿ ನಡುವೆ ಬರುತ್ತದೆ. ಕಡೆಯ ದಿನಾಂಕವನ್ನು ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಲು ಹೋದಳಂತೆ, 2027ರ ಕ್ಯಾಲೆಂಡರ್ ಇನ್ನೂ ಬಂದಿಲ್ಲವಲ್ಲ, ಅದಕ್ಕೆ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದಾಳೆ.